ಒಂದು ಕೆಜಿ ನಾರು, ಅದರ ಜೊತೆಗಿನ ನೀರು: ಪೇಪರ್ ಮಿಲ್ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ನಾನು ತುಮಕೂರು ಹತ್ತಿರದ ಒಂದು ಕ್ರಾಫ್ಟ್ ಪೇಪರ್ ಮಿಲ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್. ಹೊಸದಾಗಿ ಸೇರುವ ಹುಡುಗರಿಗಾಗಿ ಪಲ್ಪಿಂಗ್, ಪ್ರೆಸ್, ಡ್ರೈಯರ್ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಲು ನನಗೆ ಹೇಳಿದ್ದಾರೆ. ಹತ್ತು ಪುಟ ಆಗಿದೆ. ಓದಿದವರು ಅರ್ಥ ಆಯ್ತು ಸರ್ ಅಂತಾರೆ, ಆದರೆ ಕೆಲಸದಲ್ಲಿ ಅದು ಕಾಣಲ್ಲ. ಕನ್ಸಿಸ್ಟೆನ್ಸಿ, ಡ್ರೈನೆಸ್, ಮಾಯಿಶ್ಚರ್ ಇವಕ್ಕೆ ಏನು ಪದ ಹಾಕಲಿ? ಯಾವುದನ್ನು ಕನ್ನಡ ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು?

ಉತ್ತರ:

ನೀವು ಕಳಿಸಿದ ಎರಡು ಪುಟ ಓದಿದೆ. ಮೊದಲ ವಾಕ್ಯವೇ ಹೀಗಿದೆ: "ಪಲ್ಪರ್ ಅನ್ನು 4% ಸ್ಥಿರತೆಗೆ ಚಾರ್ಜ್ ಮಾಡಿ." ವ್ಯಾಕರಣ ಸರಿ ಇದೆ. ಆದರೆ ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೆ ಇದರಲ್ಲಿ ಏನೂ ಸಿಗಲ್ಲ. ಸ್ಥಿರತೆ ಅಂದರೆ ಅವನಿಗೆ ಅಲ್ಲಾಡದೆ ಇರುವುದು. ಚಾರ್ಜ್ ಅಂದರೆ ಫೋನಿಗೆ ಮಾಡುವುದು. ಕನ್ಸಿಸ್ಟೆನ್ಸಿ ಅನ್ನುವ ಪದಕ್ಕೆ ನಿಘಂಟಿನಲ್ಲಿ ಸ್ಥಿರತೆ ಅಂತ ಇರುವುದು ನಿಜ, ಆದರೆ ಅದು ಬೇರೆ ಅರ್ಥದ್ದು. ನಮ್ಮ ಮಿಲ್‌ಗಳಲ್ಲಿ ಅದರ ಅರ್ಥ ಒಂದೇ: ನೂರು ಕೆಜಿ ಪಲ್ಪ್ ತೆಗೆದುಕೊಂಡರೆ ಅದರಲ್ಲಿ ಒಣ ನಾರು ಎಷ್ಟು ಕೆಜಿ ಅನ್ನುವುದು. 4% ಅಂದರೆ ನಾರು 4 ಕೆಜಿ, ನೀರು 96 ಕೆಜಿ.

ಪದದ ವಿಷಯ ಮೊದಲು ಮುಗಿಸೋಣ, ಅದು ಸುಲಭ. ಮಷೀನಿನ ಮೇಲೆ, ಪಂಪಿನ ಮೇಲೆ, ಪ್ಯಾನೆಲ್ ಮೇಲೆ ಬರೆದಿರುವ ಹೆಸರನ್ನು ಕನ್ನಡ ಮಾಡಬೇಡಿ. ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು. ಪಲ್ಪರ್, ಚೆಸ್ಟ್, ಹೆಡ್‌ಬಾಕ್ಸ್, ವೈರ್, ಫೆಲ್ಟ್, ಡಾಕ್ಟರ್ ಬ್ಲೇಡ್, ಬ್ರೋಕ್, ಬ್ಯಾಕ್ ವಾಟರ್, ಇವೆಲ್ಲ ಹಾಗೇ ಇರಲಿ. ರಾತ್ರಿ ಎರಡು ಗಂಟೆಗೆ ಆಪರೇಟರ್ "ಮಷೀನ್ ಚೆಸ್ಟ್ ಲೆವೆಲ್ ಬಿದ್ದಿದೆ, ನೋಡು" ಅಂತ ಕೂಗುತ್ತಾನೆ. ಕೈಪಿಡಿಯಲ್ಲಿ ಅದನ್ನು "ಯಂತ್ರದ ತೊಟ್ಟಿ" ಅಂತ ಓದಿ ಬಂದ ಹುಡುಗ ಎಲ್ಲಿಗೆ ಓಡಬೇಕು? ಹೆಸರು ಬಿಟ್ಟುಬಿಡಿ, ಕ್ರಿಯೆಯನ್ನು ಮಾತ್ರ ಪೂರ್ತಿ ಕನ್ನಡದಲ್ಲಿ ಬರೆಯಿರಿ. ತೆಗೆ, ಬಿಡು, ಕತ್ತರಿಸು, ತೊಳೆ, ಏರಿಸು, ಇಳಿಸು, ಕಾಯಿ, ನೋಡು, ಕರೆ. "ಚಾರ್ಜ್ ಮಾಡಿ" ಅನ್ನುವ ಕಡೆ "ಕಾಗದ ಹಾಕಿ" ಅಂತ ಬರೆದರೆ ಮುಗಿಯಿತು. ಇನ್ನೊಂದು ಮಾತು. ಕೌಚ್ ರೋಲ್ ಅಂತ ಇಂಗ್ಲಿಷ್ ಅಕ್ಷರ ನೋಡಿ ಬರೆದಿದ್ದೀರಿ. ಮಿಲ್‌ನಲ್ಲಿ ಎಲ್ಲರೂ ಕೂಚ್ ರೋಲ್ ಅಂತಾರೆ, ಇಂಗ್ಲಿಷ್ ಪೇಪರ್ ಮಿಲ್‌ಗಳಲ್ಲೂ ಹಾಗೇ ಹೇಳುತ್ತಾರೆ. ಕಿವಿಗೆ ಬೀಳುವುದನ್ನೇ ಬರೆಯಿರಿ.

ಈಗ ಕಷ್ಟದ ಭಾಗ. ನೀವು ಕೇಳಿರುವ ಮೂರು ಪದಗಳು ನಿಜವಾಗಿ ಮೂರು ವಿಷಯ ಅಲ್ಲ. ಪಲ್ಪ್ ಹರಿಯುವ ಹಂತದಲ್ಲಿ ನಾರಿನ ಪಾಲನ್ನು ಕನ್ಸಿಸ್ಟೆನ್ಸಿ ಅಂತಾರೆ. ಅದೇ ನಾರಿನ ಪಾಲನ್ನು, ಹಾಳೆ ಆದ ಮೇಲೆ, ಪ್ರೆಸ್ ಹತ್ತಿರ ಡ್ರೈನೆಸ್ ಅಂತಾರೆ. ರೀಲ್ ಹತ್ತಿರ ಬರುವಷ್ಟರಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ನಾರನ್ನು ಬಿಟ್ಟು ನೀರಿನ ಪಾಲನ್ನು ಹೇಳುತ್ತಾರೆ, ಅದು ಮಾಯಿಶ್ಚರ್. ಒಂದೇ ಮಷೀನಿನ ಒಂದು ತುದಿಯಲ್ಲಿ ಪರ್ಸೆಂಟ್ ಜಾಸ್ತಿ ಆದರೆ ನೀರು ಕಡಿಮೆ, ಇನ್ನೊಂದು ತುದಿಯಲ್ಲಿ ಪರ್ಸೆಂಟ್ ಜಾಸ್ತಿ ಆದರೆ ನೀರು ಜಾಸ್ತಿ. ಹೊಸಬರು ಇಲ್ಲೇ ಎಡವುತ್ತಾರೆ. ಇಂಗ್ಲಿಷ್ ಕೈಪಿಡಿ ಇದನ್ನು ಬಿಡಿಸಿ ಹೇಳಲ್ಲ, ಓದುವವನಿಗೆ ಗೊತ್ತಿದೆ ಅಂತ ಬರೆದಿರುತ್ತದೆ. ಅದನ್ನು ಹಾಗೇ ಕನ್ನಡಕ್ಕೆ ತಂದರೆ ಗೊಂದಲವೂ ಜೊತೆಗೇ ಬರುತ್ತದೆ.

ನಾನು ಮಾಡುವುದು ಹೀಗೆ. ಕೈಪಿಡಿಯ ಮೊದಲ ಪುಟದಲ್ಲೇ ಒಂದು ಕೆಜಿ ಒಣ ನಾರನ್ನು ಹಿಡಿದುಕೊಂಡು ಅದರ ಜೊತೆ ಎಷ್ಟು ನೀರು ಹೋಗುತ್ತದೆ ಅಂತ ಪಲ್ಪರ್‌ನಿಂದ ರೀಲ್ ತನಕ ನಡೆಸಿಕೊಂಡು ಹೋಗುತ್ತೇನೆ. ಪಲ್ಪರ್‌ನಲ್ಲಿ 4% ಅಂದರೆ ಒಂದು ಕೆಜಿ ನಾರಿಗೆ 24 ಲೀಟರ್ ನೀರು. ಹೆಡ್‌ಬಾಕ್ಸ್‌ಗೆ ಬರುವಾಗ ತೆಳ್ಳಗೆ ಮಾಡಿರುತ್ತಾರೆ. ನಿಮ್ಮಲ್ಲಿ 1% ಅಂತ ಇಟ್ಟುಕೊಂಡರೆ ಅದೇ ಒಂದು ಕೆಜಿ ನಾರಿಗೆ 99 ಲೀಟರ್. ಜರಡಿಯಂಥ ವೈರ್ ಮೇಲೆ ಬಿದ್ದು ಅದರ ಕೊನೆಯ ಕೂಚ್ ರೋಲ್ ದಾಟುವಾಗ ಹಾಳೆ ಸುಮಾರು 20% ಡ್ರೈನೆಸ್‌ನಲ್ಲಿ ಇರುತ್ತದೆ, ಅಂದರೆ ಉಳಿದಿರುವುದು 4 ಲೀಟರ್. ಪ್ರೆಸ್ ದಾಟಿ 40% ಆದರೆ ಒಂದೂವರೆ ಲೀಟರ್. ಡ್ರೈಯರ್ ದಾಟಿ 7% ಮಾಯಿಶ್ಚರ್‌ನಲ್ಲಿ ರೀಲ್ ಆದರೆ 75 ಮಿಲಿ, ಅರ್ಧ ಲೋಟ ಕೂಡ ಅಲ್ಲ.

ಈ ಲೆಕ್ಕವನ್ನು ಹುಡುಗರ ಮುಂದೆ ಬಕೆಟ್ ಇಟ್ಟು ತೋರಿಸಿದ್ದೇನೆ. ವೈರ್ ಮೇಲೆ 95 ಲೀಟರ್ ಹೋಗುತ್ತದೆ, ಅದಕ್ಕೆ ಭೂಮಿಯ ಎಳೆತ, ಸ್ವಲ್ಪ ವ್ಯಾಕ್ಯೂಮ್ ಸಾಕು. ಪ್ರೆಸ್‌ನಲ್ಲಿ ಎರಡೂವರೆ ಲೀಟರ್ ಹೋಗುತ್ತದೆ, ಅದಕ್ಕೆ ರೋಲ್ ಒತ್ತಡ ಬೇಕು. ಡ್ರೈಯರ್‌ನಲ್ಲಿ ಒಂದೂವರೆ ಲೀಟರ್‌ಗಿಂತ ಕಡಿಮೆ ಹೋಗುತ್ತದೆ, ಆದರೆ ಅದನ್ನು ಕುದಿಸಿ ಓಡಿಸಬೇಕು. ಬಾಯ್ಲರ್‌ನಲ್ಲಿ ಸುಡುವ ಸೌದೆ, ಕಲ್ಲಿದ್ದಲು ಹೆಚ್ಚು ಖರ್ಚಾಗುವುದು ಈ ಕೊನೆಯ ಒಂದೂವರೆ ಲೀಟರ್‌ಗೆ. ಎಂಟನೇ ಕ್ಲಾಸ್ ಓದಿದ ಗೌರಿಬಿದನೂರಿನ ಒಬ್ಬ ಹುಡುಗ ಬಕೆಟ್ ನೋಡಿ, "ಹಾಗಾದ್ರೆ ಪ್ರೆಸ್‌ನಲ್ಲೇ ಇನ್ನೊಂಚೂರು ಹಿಂಡಿಬಿಟ್ರೆ ಒಳ್ಳೇದಲ್ವಾ ಸರ್" ಅಂದ. ಪರ್ಸೆಂಟ್ ಇಟ್ಟುಕೊಂಡು ಮೂರು ದಿನ ಹೇಳಿದರೂ ಬಾರದ ಮಾತು ಅದು.

ಹಾಗಾಗಿ ನನ್ನ ಸಲಹೆ: ಕನ್ಸಿಸ್ಟೆನ್ಸಿ, ಡ್ರೈನೆಸ್, ಮಾಯಿಶ್ಚರ್ ಮೂರೂ ಪದಗಳನ್ನು ಹಾಗೇ ಬಿಡಿ, ಯಾಕೆಂದರೆ ಲಾಗ್ ಶೀಟ್‌ನಲ್ಲಿ, ಸ್ಕ್ರೀನ್ ಮೇಲೆ ಅವೇ ಇವೆ. ಆದರೆ ಪ್ರತಿ ಸಲ ಬಂದಾಗಲೂ ಪಕ್ಕದಲ್ಲಿ "ಒಂದು ಕೆಜಿ ನಾರಿಗೆ ಇಷ್ಟು ಲೀಟರ್ ನೀರು" ಅಂತ ಬರೆಯಿರಿ. "ದಪ್ಪ" ಅನ್ನುವ ಪದವನ್ನು ಪಲ್ಪ್‌ಗೆ ಬಳಸುವಾಗ ಸ್ವಲ್ಪ ಹುಷಾರು. ದಪ್ಪ ಅಂದರೆ ಪೇಪರ್ ದಪ್ಪ ಅಂತಲೂ ಆಗುತ್ತದೆ. ಗಟ್ಟಿ ಪಲ್ಪ್, ತೆಳು ಪಲ್ಪ್ ಅನ್ನಿ, ಪೇಪರ್‌ಗೆ ಮಾತ್ರ ದಪ್ಪ ಅನ್ನಿ, ಕೊನೆಯ ಪುಟದ ತನಕ ಅದನ್ನೇ ಹಿಡಿದುಕೊಳ್ಳಿ. ಕೈ ಅಂದಾಜಿಗೆ ನಮ್ಮ ಕಡೆಯ ಹೋಲಿಕೆ ಕೊಡಬಹುದು. ಹೆಡ್‌ಬಾಕ್ಸ್‌ನದು ನೀರು ಮಜ್ಜಿಗೆ ಹಾಗೆ, ಪಲ್ಪರ್‌ನ 4% ರಾಗಿ ಅಂಬಲಿ ಹಾಗೆ. ಕೋಲಾರ, ಚಿಕ್ಕಬಳ್ಳಾಪುರದ ಹುಡುಗರಿಗೆ ಇದು ಒಂದೇ ಸಲಕ್ಕೆ ಹಿಡಿಯುತ್ತದೆ. ಆದರೆ ಅದರ ಕೆಳಗೇ "ಕಣ್ಣಲ್ಲಿ ನೋಡಿ ಕನ್ಸಿಸ್ಟೆನ್ಸಿ ಬರೆಯಬೇಡಿ, ತೂಕ ಮಾಡಿಯೇ ಬರೆಯಿರಿ" ಅಂತ ಹಾಕಿ. 500 ಗ್ರಾಂ ಪಲ್ಪ್ ತೆಗೆದು, ಸೋಸಿ, 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ತೂಗಿದಾಗ 19 ಗ್ರಾಂ ಬಂದರೆ ಅದು 3.8%.

ಪಲ್ಪರ್ ವಾಕ್ಯವನ್ನೇ ಈಗ ಪೂರ್ತಿ ಬರೆದು ನೋಡೋಣ. ನಿಮ್ಮ ಪಲ್ಪರ್‌ನಲ್ಲಿ 20 ಸಾವಿರ ಲೀಟರ್ ಪಲ್ಪ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 4% ಬೇಕೆಂದರೆ ಒಣ ನಾರು 800 ಕೆಜಿ ಬೇಕು. ಗೋಡೌನಿನಲ್ಲಿ ಇರುವ ವೇಸ್ಟ್ ಪೇಪರ್ ಬೇಲ್ ಪೂರ್ತಿ ಒಣಗಿರಲ್ಲ. ಸುಮಾರು 10% ನೀರು ಇದ್ದರೆ ತೂಕದ ಲೆಕ್ಕದಲ್ಲಿ 890 ಕೆಜಿ ಹಾಕಬೇಕು. ಈಗ ಮಳೆಗಾಲ. ಬೇಲ್ ಹೊರಗೆ ನೆನೆದಿದೆ, 25% ನೀರಿದೆ. ಹುಡುಗ ಯಾವತ್ತಿನ ಹಾಗೆ 890 ಕೆಜಿಯನ್ನೇ ಹಾಕುತ್ತಾನೆ. ಅದರಲ್ಲಿ ನಾರು ಇರುವುದು 667 ಕೆಜಿ ಮಾತ್ರ. ಪಲ್ಪ್ 3.3% ಆಗುತ್ತದೆ. ತೆಳು ಪಲ್ಪ್‌ನಲ್ಲಿ ಕಾಗದ ಒಂದಕ್ಕೊಂದು ಉಜ್ಜುವುದು ಕಡಿಮೆ, ನಾರು ಬಿಡಿಬಿಡಿಯಾಗುವುದು ನಿಧಾನ. ಕರೆಂಟ್ ಅಷ್ಟೇ ಖರ್ಚಾಗುತ್ತದೆ, ಚೆಸ್ಟ್‌ಗೆ ಹೋಗುವ ನಾರು ಮಾತ್ರ ಕಡಿಮೆ. ಮುಂದೆ ಕನ್ಸಿಸ್ಟೆನ್ಸಿ ಕಂಟ್ರೋಲರ್ ಇರುವುದು ನೀರು ಸೇರಿಸಿ ತೆಳ್ಳಗೆ ಮಾಡಲು. ಅದು ತೆಳು ಪಲ್ಪನ್ನು ಗಟ್ಟಿ ಮಾಡಲಾರದು. ಕೊನೆಗೆ ಅದು ರೀಲ್‌ನಲ್ಲಿ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರಿನ ತೂಕ ಬೀಳುವುದರಲ್ಲಿ ಕಾಣುತ್ತದೆ, ಅಷ್ಟರಲ್ಲಿ ಪಲ್ಪರ್ ಹುಡುಗ ಶಿಫ್ಟ್ ಮುಗಿಸಿ ಮನೆಗೆ ಹೋಗಿರುತ್ತಾನೆ.

ಇಂಗ್ಲಿಷ್ ಮೂಲದಲ್ಲಿ ಇದೆಲ್ಲ ಒಂದು ಸಾಲು. ಕನ್ನಡದಲ್ಲಿ ನಾನು ಅದನ್ನು ಹೀಗೆ ಬರೆಯುತ್ತೇನೆ:

"ಮೊದಲು ಪಲ್ಪರ್‌ಗೆ ಗುರುತಿನ ಗೆರೆ ತನಕ ಬ್ಯಾಕ್ ವಾಟರ್ ಬಿಡಿ. ರೋಟರ್ ಆನ್ ಮಾಡಿ. ಆಮೇಲೆ ಕಾಗದ ಹಾಕಿ. ಬೇಲ್ ಹಾಕುವ ಮುಂಚೆ ಕೈಯಿಟ್ಟು ನೋಡಿ. ನೆನೆದಿದ್ದರೆ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ, ಎಷ್ಟು ಜಾಸ್ತಿ ಹಾಕಬೇಕು ಅಂತ ಅವರು ಹೇಳುತ್ತಾರೆ. ಪಲ್ಪ್ ಆಗಿದೆಯಾ ಅಂತ ನೋಡಲು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ, ಒಂದು ಚಿಟಿಕೆ ಪಲ್ಪ್ ಹಾಕಿ ಕಲಕಿ, ಬೆಳಕಿಗೆ ಹಿಡಿಯಿರಿ. ಕಾಗದದ ಚಕ್ಕೆ ಕಂಡರೆ ಇನ್ನೂ ಆಗಿಲ್ಲ."

ಮೂಲದಲ್ಲಿ ನೀರು ಅಂತ ಇದ್ದ ಕಡೆ ನಾನು ಬ್ಯಾಕ್ ವಾಟರ್ ಅಂತ ಬರೆದಿದ್ದೇನೆ ನೋಡಿ. ಬೇರೆ ದೇಶದಲ್ಲಿ ಬರೆದ ಕೈಪಿಡಿಗಳಲ್ಲಿ ಸುಮ್ನೆ ನೀರು ಬಿಡಿ ಅಂತ ಇರುತ್ತದೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಯಾವ ನೀರು ಅನ್ನುವುದೂ ಕೆಲಸದ ಭಾಗ. ಕೋಲಾರಕ್ಕೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗೆ ಬರುತ್ತಿದೆ, ಆದರೂ ಬೋರ್‌ವೆಲ್ ನೀರಿನ ಬೆಲೆ ಇಲ್ಲಿನವರಿಗೆ ಗೊತ್ತು. ವೈರ್ ಕೆಳಗೆ ಬಿದ್ದ ಆ 95 ಲೀಟರೇ ಬ್ಯಾಕ್ ವಾಟರ್, ಅದು ತಿರುಗಿ ಬರಬೇಕು. ಅದರಲ್ಲಿ ಸಣ್ಣ ನಾರೂ ಇರುತ್ತದೆ. ಹುಡುಗ ಫ್ರೆಶ್ ವಾಟರ್ ವಾಲ್ವ್ ತೆಗೆದರೆ ಆ ನೀರು, ನಾರು ಎರಡೂ ಕೊಳಕು ನೀರು ಶುದ್ಧ ಮಾಡುವ ಇಟಿಪಿಗೆ ಹರಿದು ಹೋಗುತ್ತವೆ. ಯಾವ ವಾಲ್ವ್ ಅನ್ನುವುದನ್ನು ಬಣ್ಣದ ಸಮೇತ ಬರೆಯಿರಿ.

ಪ್ರೆಸ್ ಪುಟದಲ್ಲಿ ನೀವು "ಒತ್ತಡ ಹೆಚ್ಚಿಸಿದಷ್ಟೂ ನೀರು ಹೋಗುತ್ತದೆ" ಅಂತ ಬರೆದಿದ್ದೀರಿ. ಮೂಲದಲ್ಲಿ ಅದರ ಮುಂದೆ "ಹಾಳೆ ಕ್ರಷ್ ಆಗದಂತೆ" ಅನ್ನುವ ಅರ್ಥದ ಒಂದು ತುಂಡು ಇದೆ, ಅದು ನಿಮ್ಮ ಕನ್ನಡದಲ್ಲಿ ಬಿಟ್ಟುಹೋಗಿದೆ. ಬೇಕಂತ ಬಿಟ್ಟಿದ್ದಲ್ಲ ಅಂತ ಗೊತ್ತು, ಆದರೆ ಅದೇ ಮುಖ್ಯ. ಹಾಳೆಯಲ್ಲಿ ನೀರು ತುಂಬಾ ಇದ್ದಾಗ ಜೋರಾಗಿ ಒತ್ತಿದರೆ ಆ ನೀರಿಗೆ ಅದನ್ನು ಹೀರುವ ಫೆಲ್ಟ್ ಬಟ್ಟೆಯ ಒಳಗೆ ಹೋಗಲು ಸಮಯ ಸಿಗಲ್ಲ. ಅದು ಹಿಂದಕ್ಕೆ ನುಗ್ಗುತ್ತದೆ, ನಾರನ್ನೂ ತಳ್ಳಿಕೊಂಡು ಹೋಗುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಮೋಡ ಮೋಡವಾಗಿ ಕಾಣುತ್ತದೆ, ಒದ್ದೆ ಬಟ್ಟೆಯನ್ನು ಕೈಯಲ್ಲಿ ನೂಕಿದ ಹಾಗೆ. ಅದೇ ಕ್ರಷ್. "ಕ್ರಷ್ ಆಗಬಾರದು" ಅಂತ ಬರೆದರೆ ಸಾಲದು, ಹೇಗೆ ಕಾಣುತ್ತದೆ ಅಂತ ಬರೆಯಿರಿ.

ಪ್ರೆಸ್ ನೀರು ಹಿಂಡುವುದರ ಬೆಲೆ ಎಷ್ಟು ಅಂತಲೂ ಒಂದು ಸಲ ತೋರಿಸಿಬಿಡಿ, ಯಾಕೆಂದರೆ ಫೆಲ್ಟ್ ತೊಳೆಯುವ ಕೆಲಸ ಬೇಸರದ್ದು, ಯಾಕೆ ಅಂತ ಗೊತ್ತಿಲ್ಲದೆ ಯಾರೂ ಮನಸ್ಸಿಟ್ಟು ಮಾಡಲ್ಲ. ಪ್ರೆಸ್‌ನಿಂದ ಹಾಳೆ 40%ನಲ್ಲಿ ಹೊರಬಂದರೆ ಡ್ರೈಯರ್‌ನಲ್ಲಿ ಓಡಿಸಬೇಕಾದ ನೀರು, ಒಂದು ಕೆಜಿ ನಾರಿಗೆ, 1.425 ಲೀಟರ್. ಅದೇ 41%ನಲ್ಲಿ ಬಂದರೆ 1.364 ಲೀಟರ್. ವ್ಯತ್ಯಾಸ 60 ಮಿಲಿ ಅಷ್ಟೇ ಅಲ್ವಾ ಅನಿಸುತ್ತದೆ. ದಿನಕ್ಕೆ 100 ಟನ್ ನಾರು ಓಡುವ ಮಷೀನಿನಲ್ಲಿ ಅದು 6 ಟನ್ ನೀರು. ಒಂದು ಕೆಜಿ ನೀರನ್ನು ಆವಿ ಮಾಡಲು ಒಂದು ಕೆಜಿಗಿಂತ ಜಾಸ್ತಿಯೇ ಸ್ಟೀಮ್ ಬೇಕು, ಹಾಗಾಗಿ ದಿನಕ್ಕೆ 6 ಟನ್‌ಗೂ ಜಾಸ್ತಿ ಸ್ಟೀಮ್ ಉಳಿಯಿತು. ಡ್ರೈಯರ್ ಕೆಲಸದ ನಾಲ್ಕು ಪರ್ಸೆಂಟ್, ಬರೀ ಒಂದು ಪರ್ಸೆಂಟ್ ಡ್ರೈನೆಸ್‌ನಿಂದ. ಫೆಲ್ಟ್ ಕಟ್ಟಿಕೊಂಡರೆ ಇದೇ ಲೆಕ್ಕ ತಿರುಗಿ ಹೊಡೆಯುತ್ತದೆ. ಫೆಲ್ಟ್ ಕಟ್ಟಿದ್ದು ಗೊತ್ತಾಗುವುದು ಹೇಗೆ? ಫೆಲ್ಟ್‌ನ ವ್ಯಾಕ್ಯೂಮ್ ಬಾಕ್ಸ್‌ನಲ್ಲಿ ಮುಳ್ಳು ಮೇಲಕ್ಕೆ ಏರುತ್ತಾ ಹೋಗುತ್ತದೆ, ಬರುವ ನೀರು ಮಾತ್ರ ಕಡಿಮೆ ಆಗುತ್ತದೆ. ಹೊಸಬರು ವ್ಯಾಕ್ಯೂಮ್ ಏರಿತು ಅಂದರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಅಲ್ಲ, ಉಸಿರು ಕಟ್ಟಿದೆ ಅಂತ ಅರ್ಥ. ಈ ಸಾಲನ್ನು ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ಸೇರಿಸಿ.

ಅಳತೆಯ ವಿಷಯ ಒಂದಿದೆ. ಮೂಲದಲ್ಲಿ ಪ್ರೆಸ್ ಲೋಡ್ ಅನ್ನು ಮೀಟರಿಗೆ ಇಷ್ಟು ಕಿಲೋನ್ಯೂಟನ್ ಅಂತ, ಸ್ಟೀಮ್ ಅನ್ನು ಬಾರ್‌ನಲ್ಲಿ ಕೊಟ್ಟಿದ್ದಾರೆ. ನಿಮ್ಮ ಡಯಲ್‌ನಲ್ಲಿ ಏನಿದೆ? ನಮ್ಮ ಕಡೆ ಎಲ್ಲರೂ "ಮೂರು ಕೆಜಿ ಸ್ಟೀಮ್" ಅಂತಾರೆ. ಒಂದು ಬಾರ್ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕೆಜಿಯೇ, ಹಾಗಾಗಿ ಸ್ಟೀಮ್ ಅನ್ನು ನೇರವಾಗಿ ಕೆಜಿಯಲ್ಲಿ ಬರೆದರೂ ತೊಂದರೆ ಇಲ್ಲ. ಪ್ರೆಸ್ ಲೋಡ್ ಹಾಗಲ್ಲ. ಆಪರೇಟರ್ ತಿರುಗಿಸುವುದು ಗಾಳಿಯ ಒತ್ತಡದ ರೆಗ್ಯುಲೇಟರ್, ಅದರ ಡಯಲ್‌ನಲ್ಲಿ ಕಾಣುವ ಸಂಖ್ಯೆ ಬೇರೆ. ಮೆಕ್ಯಾನಿಕಲ್‌ನವರನ್ನು ಕರೆದುಕೊಂಡು ಹೋಗಿ, ನಿಮ್ಮ ಮಷೀನಿನ ಚಾರ್ಟ್ ನೋಡಿ, ಡಯಲ್ ಓದಬೇಕಾದ ಸಂಖ್ಯೆಯನ್ನೇ ಬರೆಯಿರಿ. ಇದು ಅನುವಾದಕನ ಕೆಲಸ ಅಲ್ಲ ಅಂತ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಇದೇ ಅನುವಾದಕನ ಕೆಲಸ.

ಡ್ರೈಯರ್ ಭಾಗ ನೀವು ಚೆನ್ನಾಗಿ ಮಾಡಿದ್ದೀರಿ. ಮೊದಲ ಸಿಲಿಂಡರ್‌ಗಳನ್ನು ಕಡಿಮೆ ಬಿಸಿ ಇಟ್ಟು ಮುಂದೆ ಮುಂದೆ ಏರಿಸಬೇಕು ಅನ್ನುವುದು ಸ್ಪಷ್ಟವಾಗಿದೆ. ಯಾಕೆ ಅಂತ ಒಂದು ಸಾಲು ಸೇರಿಸಿ: ಒದ್ದೆ ಹಾಳೆ ಒಮ್ಮೆಲೇ ಕಾದ ಸಿಲಿಂಡರ್‌ಗೆ ತಗುಲಿದರೆ ಅಂಟಿಕೊಂಡು ನಾರು ಕಿತ್ತುಬರುತ್ತದೆ, ಕಾದ ಹೆಂಚಿಗೆ ಮೊದಲ ದೋಸೆ ಅಂಟಿದ ಹಾಗೆ. ಕಂಡೆನ್ಸೇಟ್ ಪದವನ್ನು "ಸಾಂದ್ರೀಕೃತ ದ್ರವ" ಮಾಡಿದ್ದೀರಿ, ಅದು ಬೇಡ. ಕಂಡೆನ್ಸೇಟ್ ಅಂತಲೇ ಬರೆದು, "ಸಿಲಿಂಡರ್ ಒಳಗೆ ಸ್ಟೀಮ್ ತಣ್ಣಗಾಗಿ ಆದ ನೀರು" ಅಂತ ಒಂದು ಸಲ ಹೇಳಿ. ಅದು ಹೊರಗೆ ಬರದೆ ಒಳಗೇ ತುಂಬಿದರೆ ಸ್ಟೀಮ್ ಪ್ರೆಶರ್ ಸರಿ ಇದ್ದರೂ ಆ ಸಿಲಿಂಡರ್ ತಣ್ಣಗಿರುತ್ತದೆ, ಡ್ರೈವ್ ಮೋಟರಿನ ಆಂಪ್ ಏರುತ್ತದೆ. ಈ ಎರಡು ಗುರುತು ಒಟ್ಟಿಗೆ ಕಂಡರೆ ಸ್ಟೀಮ್ ಏರಿಸಬೇಡಿ, ಫೋರ್‌ಮನ್‌ಗೆ ಹೇಳಿ ಅಂತ ಬರೆಯಿರಿ.

ಇನ್ನು ನಾನು ಈ ಉತ್ತರ ಬರೆಯಲು ಮುಖ್ಯ ಕಾರಣವಾದ ಸಾಲಿಗೆ ಬರುತ್ತೇನೆ. ನಿಮ್ಮ ಎರಡನೇ ಪುಟದ ಕೆಳಗೆ ಹೀಗಿದೆ: "ಮಷೀನ್ ನಿಲ್ಲಿಸಿದ ನಂತರ ಸಿಕ್ಕಿಕೊಂಡ ಪೇಪರ್ ತೆಗೆಯಿರಿ."

ಇದೇ ವಾಕ್ಯವನ್ನು ನಾನೂ ಬರೆದಿದ್ದೆ, ಅಕ್ಷರ ಅಕ್ಷರ ಇದೇ. ಕೋಲಾರದ ಕಡೆಯ ಒಂದು ಮಿಲ್‌ನಲ್ಲಿ ನಾನು ಶಿಫ್ಟ್ ನೋಡಿಕೊಳ್ಳುತ್ತಿದ್ದಾಗ ಮಾಡಿದ ಮೊದಲ ಕೈಪಿಡಿ ಅದು. ಡ್ರೈಯರ್‌ನಲ್ಲಿ ಹಾಳೆ ಹರಿಯಿತು, ಆಪರೇಟರ್ STOP ಒತ್ತಿದ. ಸೇರಿ ಹನ್ನೊಂದು ದಿನ ಆಗಿದ್ದ ಹುಡುಗ ಅದನ್ನು ನೋಡಿದ. ಮಷೀನ್ ನಿಲ್ಲಿಸಿದ್ದಾರೆ, ಈಗ ಪೇಪರ್ ತೆಗೆಯಬೇಕು. ಕೈಪಿಡಿ ಹೇಳಿದ್ದೂ ಅದೇ. ಕೈ ಹಾಕಿದ. ಡ್ರೈಯರ್ ಸಿಲಿಂಡರ್ ಟನ್‌ಗಟ್ಟಲೆ ತೂಕದ ಬೀಡು ಕಬ್ಬಿಣ, ಬಟನ್ ಒತ್ತಿದ ಕೂಡಲೇ ಅದು ನಿಲ್ಲಲ್ಲ, ತನ್ನ ಭಾರಕ್ಕೇ ಇನ್ನೂ ತಿರುಗುತ್ತಿತ್ತು. ಗ್ಲೌಸ್ ತುದಿ ಒಳಗೆ ಹೋಯಿತು, ಎರಡು ಬೆರಳು ಜಜ್ಜಿಹೋದವು. ಆಮೇಲೆ ಅವನು ನನಗೆ ಹೇಳಿದ್ದು, "ನಿಲ್ಲಿಸಿದ್ರಲ್ಲ ಸಾರ್." ಅವನದು ತಪ್ಪಿರಲಿಲ್ಲ. ನನ್ನ ವಾಕ್ಯದಲ್ಲಿ ಹಾಗೇ ಇತ್ತು.

ನಮ್ಮ ಭಾಷೆಯಲ್ಲಿ ನಿಲ್ಲಿಸು ಬೇರೆ, ನಿಲ್ಲು ಬೇರೆ. ನಿಲ್ಲಿಸುವುದು ಮನುಷ್ಯ ಮಾಡುವ ಕೆಲಸ, ಬಟನ್ ಒತ್ತಿದರೆ ಅದು ಮುಗಿಯಿತು. ನಿಲ್ಲುವುದು ಸಿಲಿಂಡರ್ ಮಾಡುವ ಕೆಲಸ, ಅದು ಯಾವಾಗ ಮುಗಿಯುತ್ತದೆ ಅನ್ನುವುದು ಸಿಲಿಂಡರ್‌ಗೆ ಬಿಟ್ಟದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಬರುತ್ತದೆ, ಕನ್ನಡದಲ್ಲಿ ನಾವೇ ಆರಿಸಬೇಕು. ಅವತ್ತಿನಿಂದ ನಾನು ಹೀಗೆ ಬರೆಯುತ್ತೇನೆ: "ಬಟನ್ ಒತ್ತಿದ ಮೇಲೂ ಸಿಲಿಂಡರ್ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತಿದ್ದನ್ನು ನಿಮ್ಮ ಕಣ್ಣಲ್ಲಿ ನೋಡಿ. ಡ್ರೈವ್‌ಗೆ ಬೀಗ ಹಾಕಿದ್ದಾರೆಯೇ ಕೇಳಿ. ಎರಡೂ ಆದ ಮೇಲೆ ಮಾತ್ರ ಕೈ ಹಾಕಿ." ಉದ್ದ ಆಯಿತು ಅಂತ ಆಫೀಸಿನಲ್ಲಿ ಹೇಳಬಹುದು. ಒಂದು ಪದವನ್ನೂ ಕಡಿಮೆ ಮಾಡಲು ಒಪ್ಪಬೇಡಿ. ಇದೇ ಕಣ್ಣಿನಿಂದ ನಿಮ್ಮ ಹತ್ತೂ ಪುಟ ತಿರುವಿಹಾಕಿ. "ಸ್ಟೀಮ್ ಮುಚ್ಚಿದ ಮೇಲೆ" ಅಂತ ಇದ್ದರೆ, ವಾಲ್ವ್ ಮುಚ್ಚಿದ ಮೇಲಾ, ಪ್ರೆಶರ್ ಸೊನ್ನೆಗೆ ಇಳಿದ ಮೇಲಾ? "ತಣ್ಣಗೆ ಮಾಡಿ" ಅಂತ ಇದ್ದರೆ, ತಣ್ಣಗಾಗಿದೆ ಅಂತ ಯಾರು, ಹೇಗೆ ನೋಡುತ್ತಾರೆ?

ನಿಪ್ ಅನ್ನುವ ಪದಕ್ಕೂ ಇಷ್ಟೇ ಗಮನ ಬೇಕು. "ಎರಡು ರೋಲ್‌ಗಳ ಸಂಧಿಸ್ಥಾನ" ಅಂತ ಬರೆದಿದ್ದೀರಿ. ಆ ಜಾಗಕ್ಕೆ ಎರಡು ಕಡೆ ಇದೆ. ಒಂದು ಕಡೆ ರೋಲ್‌ಗಳು ಒಳಗೆ ಎಳೆದುಕೊಳ್ಳುತ್ತವೆ, ಇನ್ನೊಂದು ಕಡೆ ಹೊರಗೆ ಬಿಡುತ್ತವೆ. ಕೈ ಹೋಗುವುದು ಎಳೆದುಕೊಳ್ಳುವ ಕಡೆ. "ನಿಪ್: ರೋಲ್ ಒಳಗೆ ಎಳೆದುಕೊಳ್ಳುವ ಬಾಯಿ" ಅಂತ ಬರೆಯಿರಿ, ಪಕ್ಕದಲ್ಲಿ ಬಾಣದ ಗುರುತಿನ ಚಿತ್ರ ಹಾಕಿ.

ಚೆಸ್ಟ್ ಬಗ್ಗೆ ಮೂಲದಲ್ಲಿ ಪರ್ಮಿಟ್ ಇಲ್ಲದೆ ಇಳಿಯಬಾರದು ಅಂತ ಒಂದೇ ಸಾಲು ಇದೆ. ದಯವಿಟ್ಟು ಅದನ್ನು ಅಷ್ಟಕ್ಕೇ ಬಿಡಬೇಡಿ. ಹಬ್ಬಕ್ಕೋ ಶಟ್‌ಡೌನ್‌ಗೋ ಮಿಲ್ ನಾಲ್ಕು ದಿನ ನಿಂತರೆ ಚೆಸ್ಟ್ ತಳದಲ್ಲಿ ಉಳಿದ ಪಲ್ಪ್, ಬ್ಯಾಕ್ ವಾಟರ್ ಕೊಳೆಯುತ್ತದೆ. ಅದರಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್ ಬರುತ್ತದೆ. ಕಲಕಿದಾಗ ಒಮ್ಮೆಲೇ ಏಳುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ, ಗ್ಯಾಸ್ ಜಾಸ್ತಿ ಆದಾಗ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗಲ್ಲ. ಹುಡುಗ "ಈಗ ವಾಸನೆ ಹೋಯಿತು" ಅಂದುಕೊಂಡು ಇಳಿಯುತ್ತಾನೆ. ಅವನು ಬಿದ್ದದ್ದನ್ನು ನೋಡಿ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಹಾಗಾಗಿ ಕನ್ನಡದಲ್ಲಿ ಮೂರು ಮಾತು ಬೇಕು. "ವಾಸನೆ ಇಲ್ಲ ಅಂದರೆ ಗ್ಯಾಸ್ ಇಲ್ಲ ಅಂತ ಅಲ್ಲ. ಮೀಟರ್‌ನಲ್ಲಿ ನೋಡದೆ ಯಾರೂ ಇಳಿಯಬಾರದು. ಒಳಗೆ ಯಾರಾದರೂ ಬಿದ್ದಿದ್ದರೆ ನೀವು ಇಳಿಯಬೇಡಿ, ಕೂಗಿ, ಸೈರನ್ ಒತ್ತಿ." ಮೂರನೆಯದನ್ನು ಬರೆಯುವುದು ಮನಸ್ಸಿಗೆ ಕಷ್ಟ, ನನಗೂ ಆಗಿತ್ತು. ಆದರೂ ಬರೆಯಿರಿ. ಚಿಕ್ಕಬಳ್ಳಾಪುರ, ಕೋಲಾರದ ಹುಡುಗರಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ತೆಲುಗು, ನಿಮ್ಮಲ್ಲಿ ಹಿಂದಿಯವರೂ ಇರಬಹುದು. ಈ ಮೂರು ಸಾಲನ್ನು ಆ ಭಾಷೆಗಳಲ್ಲೂ ಬರೆಸಿ ಚೆಸ್ಟ್ ಬಾಯಿಯ ಹತ್ತಿರವೇ ಅಂಟಿಸಿ.

ಅರ್ಥ ಆಯ್ತು ಅಂತಾರೆ, ಕೆಲಸದಲ್ಲಿ ಕಾಣಲ್ಲ ಅಂದಿರಲ್ಲ, ಅದಕ್ಕೆ ನಾನು ಮಾಡುವುದು ಇಷ್ಟು. ಅರ್ಥ ಆಯ್ತಾ ಅಂತ ಕೇಳುವುದೇ ಇಲ್ಲ. ಇನ್‌ಚಾರ್ಜ್ ಕೇಳಿದರೆ ಯಾವ ಹುಡುಗ ಆಗಿಲ್ಲ ಅಂತಾನೆ? ಒಂದು ಪುಟ ಅವನ ಕೈಗೆ ಕೊಟ್ಟು ಜೋರಾಗಿ ಓದಿಸುತ್ತೇನೆ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಪೆನ್ಸಿಲ್ ಗುರುತು. ಆಮೇಲೆ ಮಷೀನ್ ಹತ್ತಿರ ಕರೆದುಕೊಂಡು ಹೋಗಿ, "ಈಗ ಹಾಳೆ ಹರಿದಿದೆ, ನೀನು ಏನು ಮಾಡ್ತೀಯಾ, ತೋರಿಸು" ಅನ್ನುತ್ತೇನೆ. ಅವನ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ತಪ್ಪು ಕಡೆ ಹೋದರೆ ಅವನಿಗೆ ಏನೂ ಹೇಳಲ್ಲ, ಆ ವಾಕ್ಯವನ್ನು ಮತ್ತೆ ಬರೆಯುತ್ತೇನೆ. ಮೂರು ಶಿಫ್ಟಿನಿಂದ ಒಬ್ಬೊಬ್ಬ ಸಾಕು, ಒಬ್ಬನಾದರೂ ಒಂದು ವಾರದೊಳಗೆ ಸೇರಿದವನಾಗಿರಲಿ, ಹಳಬರಿಗೆ ನಮ್ಮ ತಪ್ಪು ವಾಕ್ಯವೂ ಸರಿಯಾಗಿಯೇ ಓದಿಸಿಕೊಳ್ಳುತ್ತದೆ.

ಉಳಿದ ಪುಟಗಳಿಗೆ ಹೋಗುವ ಮುಂಚೆ ಆ ಎರಡನೇ ಪುಟದ ಕೊನೆಯ ಸಾಲನ್ನು ಇವತ್ತೇ ತಿದ್ದಿ. ಪ್ರಿಂಟ್ ಆಗಿ ಯಾರ ಕೈಯಲ್ಲಾದರೂ ಇದ್ದರೆ ವಾಪಸ್ ತೆಗೆದುಕೊಳ್ಳಿ.